ಸ್ವಾಗತದ ಸೂಚನೆಯಲ್ಲಿ ಬರೆದಿಡಬೇಕಾದದ್ದು ಎಷ್ಟು?

ನಮ್ಮ ಚಿಕಿತ್ಸಾಲಯದ ಸ್ವಾಗತ ಸಹಾಯಕಿಗೆ ಸಿದ್ಧ ವಾಕ್ಯವೊಂದನ್ನು ಕೊಡಲಾಗಿತ್ತು; ನೋವಿನಿಂದ ಬಾಗಿ ನಿಂತವರನ್ನೂ ಅವರು ನಗುತ್ತಾ "ಶುಭೋದಯ, ಹೇಗಿದ್ದೀರಿ?" ಎಂದೇ ಕೇಳುತ್ತಿದ್ದರು, ಆದರೆ ಎಷ್ಟು ಹೊತ್ತು ಕಾಯಬೇಕೆಂಬುದು ತಿಳಿಯದೆ ಬಂದವರು ಮತ್ತೆ ಮತ್ತೆ ಎದ್ದು ಬಂದು ವಿಚಾರಿಸುತ್ತಿದ್ದರು.

ಆ ವಾಕ್ಯವನ್ನು ತೆಗೆದು, ಮರೆತರೆ ಬಂದವರಿಗೆ ತೊಂದರೆಯಾಗುವ ಸಂಗತಿಗಳನ್ನು ಮಾತ್ರ ಬರೆದುಕೊಟ್ಟೆ: ಫೋನಿನಲ್ಲಿ ಮಾತನಾಡುತ್ತಿದ್ದರೂ ಕೂಡಲೇ ತಲೆಯೆತ್ತಿ ನೋಡುವುದು, ಕಾಯಬೇಕಾದ ಅಂದಾಜು ಸಮಯವನ್ನು ತಿಳಿಸುವುದು, ಕಾಯಿಲೆಯ ವಿವರವನ್ನು ಇತರರಿಗೆ ಕೇಳಿಸುವಂತೆ ವಿಚಾರಿಸದಿರುವುದು. ಪ್ರತಿಯೊಂದರ ಕಾರಣವನ್ನೂ ಜೊತೆಗೇ ಬರೆದೆ, ಏಕೆಂದರೆ ಕಾರಣ ಗೊತ್ತಿದ್ದವರು ಮಾತ್ರ ಸೂಚನೆಯಲ್ಲಿಲ್ಲದ ಸಂದರ್ಭವನ್ನೂ ಸರಿಯಾಗಿ ನಿಭಾಯಿಸಬಲ್ಲರು. ನಗಬೇಕೇ, ಯಾವ ಮಾತಿನಿಂದ ಆರಂಭಿಸಬೇಕು ಎಂಬುದನ್ನು ಅವರ ವಿವೇಚನೆಗೇ ಬಿಟ್ಟೆ.

ಬಳಿಕ ನಡುಗುತ್ತಾ ಬಂದ ವೃದ್ಧರೊಬ್ಬರಿಗೆ ಸಹಾಯಕಿ ನಮಸ್ಕಾರವನ್ನೂ ಹೇಳದೆ ಮೊದಲು ಕುರ್ಚಿ ಸರಿಸಿಕೊಟ್ಟು, ಅವರು ಕುಳಿತ ಮೇಲೆ ಕಾಯುವ ಸಮಯವನ್ನು ಮೆಲುದನಿಯಲ್ಲಿ ತಿಳಿಸಿದರು.