ಕೈಬರಹ ಸ್ಪರ್ಧೆಯ ಹಾಳೆಗಳನ್ನು ನಾನು ಹೋಲಿಸಿದ ಬಗೆ

ನಮ್ಮ ಪ್ರೌಢಶಾಲೆಯಲ್ಲಿ ಪ್ರತಿ ವರ್ಷ ರಾಜ್ಯೋತ್ಸವದ ಅಂಗವಾಗಿ ಕನ್ನಡ ಕೈಬರಹ ಸ್ಪರ್ಧೆ ನಡೆಯುತ್ತದೆ. ಕನ್ನಡ ಶಿಕ್ಷಕನಾದ್ದರಿಂದ ತೀರ್ಪಿನ ಹೊಣೆ ಬಹಳ ವರ್ಷಗಳಿಂದ ನನ್ನ ಮೇಲೆಯೇ ಇದೆ. ಮೊದಲೆಲ್ಲ ನಾನು ಅಂದಕ್ಕೆ ಇಷ್ಟು, ಸ್ಪಷ್ಟತೆಗೆ ಇಷ್ಟು, ಒಟ್ಟು ನೋಟಕ್ಕೆ ಇಷ್ಟು ಎಂದು ಅಂಕಗಳನ್ನು ಹಂಚಿಕೊಂಡು, ಹಾಳೆಗಳನ್ನು ಒಂದೊಂದಾಗಿ ನೋಡಿ ಅಂಕ ಕೊಟ್ಟು ಕೂಡಿಸುತ್ತಿದ್ದೆ. ಒಂದು ವರ್ಷ ಮೊದಲ ಬಹುಮಾನ ಪಡೆದ ಹಾಳೆಯನ್ನು ಸೂಚನಾ ಫಲಕದಲ್ಲಿ ಅಂಟಿಸಿದ್ದೆವು. ಅದರ ಮುಂದೆ ನಿಂತು ಗಟ್ಟಿಯಾಗಿ ಓದುತ್ತಿದ್ದ ಚಿಕ್ಕ ತರಗತಿಯ ಹುಡುಗಿಯೊಬ್ಬಳು ‘ನಾವು’ ಎಂದಿದ್ದ ಕಡೆ ‘ನಾಮ’ ಎಂದು ಓದಿ, ಅರ್ಥವಾಗದೆ ನಿಂತುಬಿಟ್ಟಳು. ನಾನು ಹತ್ತಿರ ಹೋಗಿ ನೋಡಿದಾಗ ತಪ್ಪು ಅವಳದಾಗಿರಲಿಲ್ಲ. ಆ ಹಾಳೆಗೆ ಸ್ಪಷ್ಟತೆಯಲ್ಲಿ ನಾನು ಪೂರ್ಣ ಅಂಕ ಕೊಟ್ಟಿದ್ದೆ.

ಆ ಅಂಕ ಹೇಗೆ ಬಂತು ಎಂದು ಯೋಚಿಸಿದಾಗ ಕಾರಣ ತಿಳಿಯಿತು. ಎಲ್ಲ ಮಕ್ಕಳೂ ಒಂದೇ ಗದ್ಯಭಾಗವನ್ನು ನಕಲು ಮಾಡಿರುತ್ತಾರೆ. ಮೂರನೆಯ ಹಾಳೆಗೆ ಬರುವಷ್ಟರಲ್ಲಿ ಆ ಭಾಗ ತೀರ್ಪುಗಾರನಿಗೆ ಬಾಯಿಪಾಠವಾಗಿರುತ್ತದೆ. ಅಲ್ಲಿಂದ ಮುಂದೆ ಅವನು ಓದುವುದಿಲ್ಲ, ಗೊತ್ತಿರುವುದನ್ನು ಹಾಳೆಯ ಮೇಲೆ ಗುರುತಿಸುತ್ತಾನೆ ಅಷ್ಟೆ. ಹೀಗಾಗಿ ಸಾಲು ನೆಟ್ಟಗಿದ್ದು ಅಕ್ಷರಗಳು ದುಂಡಗಿದ್ದರೆ ಸ್ಪಷ್ಟತೆಯೂ ಇದೆ ಎಂದು ಮನಸ್ಸು ತಾನೇ ನಿರ್ಧರಿಸಿಬಿಡುತ್ತದೆ. ಅಂದವನ್ನು ಕಣ್ಣಿನಿಂದ ನೋಡಿ ಹೇಳಬಹುದು. ಸ್ಪಷ್ಟತೆಯನ್ನು ಹೇಳಬೇಕಾದರೆ ಗೊತ್ತಿಲ್ಲದವರೊಬ್ಬರು ಅದನ್ನು ಓದಲೇಬೇಕು. ಅಮೆರಿಕದಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ 1910ರಲ್ಲಿ ರೂಪಿಸಿದ ಕೈಬರಹದ ಅಳತೆಪಟ್ಟಿ ತೀರ್ಪುಗಾರರ ಅಭಿಪ್ರಾಯವನ್ನು ಆಧರಿಸಿತ್ತು. ಎರಡು ವರ್ಷಗಳ ನಂತರ ಲಿಯೊನಾರ್ಡ್ ಏರ್ಸ್ ಮಾಡಿದ ಪಟ್ಟಿ, ಬರಹವನ್ನು ಓದಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಆಧರಿಸಿತ್ತು. ನಾನು ಒಂದೇ ಅಂಕಪಟ್ಟಿಯಲ್ಲಿ ಬೆರೆಸುತ್ತಿದ್ದ ಎರಡು ಬೇರೆ ಪ್ರಶ್ನೆಗಳು ಇವೇ.

ಮುಂದಿನ ವರ್ಷ 36 ಮಕ್ಕಳು ಹೆಸರು ಕೊಟ್ಟಿದ್ದರು. ಎಲ್ಲರಿಗೂ ಒಂದೇ ಬಗೆಯ ಗೆರೆ ಹಾಳೆ, ಒಂದೇ ಬಗೆಯ ನೀಲಿ ಬಾಲ್‌ಪೆನ್ ಕೊಟ್ಟೆವು. ಮನೆಯಿಂದ ತಂದ ಜೆಲ್ ಪೆನ್ನಿನ ಗಾಢ ಬಣ್ಣ ಸಾಧಾರಣ ಬರಹವನ್ನೂ ಎದ್ದು ಕಾಣಿಸುವಂತೆ ಮಾಡುತ್ತದೆ. ಹಾಳೆಯ ಮೇಲೆ ಹೆಸರಿನ ಬದಲು ಸಂಖ್ಯೆ ಮಾತ್ರ ಇತ್ತು. ಮೊದಲ ಹಾಳೆಯಲ್ಲಿ ಎಲ್ಲರೂ ಸುಮಾರು 80 ಪದಗಳ ಒಂದೇ ಗದ್ಯಭಾಗವನ್ನು ಬರೆಯಬೇಕಿತ್ತು. ಎರಡನೆಯ ಹಾಳೆಯಲ್ಲಿ ಪ್ರತಿಯೊಬ್ಬರೂ ತಮಗೆ ಬಂದ ಚೀಟಿಯಲ್ಲಿದ್ದ 15 ಬಿಡಿಪದಗಳನ್ನು ಬರೆಯಬೇಕಿತ್ತು. ಇಡೀ ಕೆಲಸಕ್ಕೆ 25 ನಿಮಿಷ. ಸಮಯವನ್ನು ಬಿಗಿಯಾಗಿ ಇಟ್ಟದ್ದು ಬೇಕೆಂದೇ, ಏಕೆಂದರೆ ಹೊತ್ತು ಹೆಚ್ಚಿದ್ದರೆ ಮಕ್ಕಳು ಅಕ್ಷರಗಳನ್ನು ಬರೆಯುವ ಬದಲು ಚಿತ್ರದಂತೆ ಬಿಡಿಸುತ್ತಾರೆ.

ನನಗೆ ಹೆಚ್ಚು ಶ್ರಮ ಕೊಟ್ಟದ್ದು ಆ ಚೀಟಿಗಳು. ವಾಕ್ಯದಲ್ಲಿ ಬಂದ ಪದವನ್ನು ಓದುಗನು ಹಿಂದುಮುಂದಿನ ಅರ್ಥದಿಂದ ಊಹಿಸುತ್ತಾನೆ. ಆದ್ದರಿಂದ ಒಂದರ ಬದಲು ಇನ್ನೊಂದನ್ನು ಓದಿದರೂ ಅರ್ಥವಿರುವಂಥ ಪದಗಳು ಬೇಕಿದ್ದವು. ಮಾವು ಮತ್ತು ಮಾಮ, ನಾವು ಮತ್ತು ನಾಮ, ದನ ಮತ್ತು ಧನ, ಅನ್ನ ಮತ್ತು ಅಣ್ಣ, ಹಲ್ಲಿ ಮತ್ತು ಹಳ್ಳಿ, ಕಲ್ಲು ಮತ್ತು ಕಳ್ಳು ಇಂಥ ಜೋಡಿಗಳನ್ನು ಕಲೆಹಾಕಿ, ಒಂದು ಚೀಟಿಯಲ್ಲಿ ಜೋಡಿಯ ಒಂದು ಪದ ಮಾತ್ರ ಬರುವಂತೆ ಹಂಚಿದೆ. ಥ ಮತ್ತು ಧ ಅಕ್ಷರಗಳನ್ನು ಬೇರ್ಪಡಿಸುವುದು ನಡುವಿನ ಒಂದು ಚುಕ್ಕೆ ಮಾತ್ರವಾದ್ದರಿಂದ ರಥ, ಪಥ, ವಧೆ ಮುಂತಾದವನ್ನೂ, ಅರ್ಕಾವೊತ್ತು ಬರುವ ವರ್ಷ, ಸೂರ್ಯ ಮುಂತಾದವನ್ನೂ ಸೇರಿಸಿದೆ. ಒತ್ತಕ್ಷರಗಳ ಸಂಖ್ಯೆ ಎಲ್ಲ ಚೀಟಿಗಳಲ್ಲಿ ಸಮನಾಗಿರುವಂತೆ ಎಣಿಸಿ ನೋಡಿಕೊಂಡೆ. ಒಟ್ಟು 12 ಬಗೆಯ ಚೀಟಿಗಳಾದವು. ಒಂದೊಂದು ಬಗೆ ಮೂವರು ಮಕ್ಕಳಿಗೆ ಹೋಯಿತು.

ಓದಲು ಪಕ್ಕದ ಊರಿನ ಶಾಲೆಯಿಂದ ಏಳನೆಯ ತರಗತಿಯ ಮೂವರು ಮಕ್ಕಳನ್ನು ಕರೆಸಿದ್ದೆವು. ನಮ್ಮ ಮಕ್ಕಳ ಬರಹದ ಪರಿಚಯ ಅವರಿಗೆ ಇರಲಿಲ್ಲ. ಪ್ರತಿ ಬಗೆಯ ಚೀಟಿಯಿಂದ ಒಂದು ಹಾಳೆಯಂತೆ ಒಬ್ಬೊಬ್ಬರಿಗೆ 12 ಹಾಳೆಗಳು ಬಂದವು. ಹೀಗೆ ಯಾವ ಓದುಗನೂ ಒಂದೇ ಪದಪಟ್ಟಿಯನ್ನು ಎರಡು ಸಲ ನೋಡಲಿಲ್ಲ. ಮಗು ಗಟ್ಟಿಯಾಗಿ ಓದುತ್ತ ಹೋದಂತೆ ಪಕ್ಕದಲ್ಲಿ ಕುಳಿತ ಒಬ್ಬ ಶಿಕ್ಷಕರು ಮೂಲ ಚೀಟಿಯೊಂದಿಗೆ ಹೋಲಿಸಿ, ತಪ್ಪಾಗಿ ಓದಿದ ಪದವನ್ನು ಗುರುತು ಹಾಕಿ, ಹಿಡಿದ ಸಮಯವನ್ನು ಮೊಬೈಲಿನಲ್ಲಿ ನೋಡಿ ಬರೆದುಕೊಂಡರು. ನಂತರ ಗುರುತು ಹಾಕಿದ ಪ್ರತಿ ಪದವನ್ನೂ ನಾನು ಹಾಳೆಯಲ್ಲಿ ನೋಡಿದೆ. ಬರೆದವನೇ ನಕಲು ಮಾಡುವಾಗ ಅಕ್ಷರ ಬಿಟ್ಟಿದ್ದು, ಓದುಗನು ಇದ್ದದ್ದನ್ನು ಇದ್ದಂತೆ ಓದಿದ್ದರೆ ಅದು ಸ್ಪಷ್ಟತೆಯ ದೋಷವಲ್ಲ. ಅಂಥ ಐದು ಗುರುತುಗಳನ್ನು ಹೊಡೆದುಹಾಕಿದೆ. ಮೂವರು ಓದುಗರಲ್ಲಿ ಒಬ್ಬ ಹುಡುಗ ಎಲ್ಲ ಹಾಳೆಗಳಲ್ಲಿಯೂ ಸ್ವಲ್ಪ ತಡವರಿಸಿದ. ಆದ್ದರಿಂದ ಒಬ್ಬರ 12 ಹಾಳೆಗಳನ್ನು ಅವುಗಳೊಳಗೇ ಹೋಲಿಸಿದೆನೇ ಹೊರತು ಅವನ ಎಣಿಕೆಯನ್ನು ಇನ್ನೊಬ್ಬರ ಎಣಿಕೆಯ ಎದುರು ಇಡಲಿಲ್ಲ.

ಓದು ನಡೆಯುತ್ತಿದ್ದಾಗ ಇನ್ನೊಂದು ಕೋಣೆಯಲ್ಲಿ ನಾನು ಮತ್ತು ಇಬ್ಬರು ಸಹೋದ್ಯೋಗಿಗಳು ಮೊದಲ ಹಾಳೆಗಳನ್ನು ಮಾತ್ರ ಇಟ್ಟುಕೊಂಡು ಅಂದವನ್ನು ನೋಡಿದೆವು. ಅಂಕ ಕೊಡುವುದನ್ನು ಈ ಸಲ ಬಿಟ್ಟೆವು. ಬೆಳಿಗ್ಗೆ ಬಿಗಿಯಾಗಿದ್ದ ಕೈ ಮಧ್ಯಾಹ್ನ ಸಡಿಲವಾಗುತ್ತದೆ, ಒಂದು ಕೆಟ್ಟ ಹಾಳೆಯ ನಂತರ ಬಂದ ಸಾಧಾರಣ ಹಾಳೆಗೆ ಹೆಚ್ಚು ಅಂಕ ಸಿಗುತ್ತದೆ ಎಂಬುದನ್ನು ನನ್ನ ಹಳೆಯ ಪಟ್ಟಿಗಳಲ್ಲಿಯೇ ಕಂಡಿದ್ದೆ. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಇವೆರಡರಲ್ಲಿ ಯಾವುದು ಅಂದ ಎಂದು ಕೇಳಿದರೆ ಉತ್ತರ ಬೇಗ ಬರುತ್ತದೆ, ಸ್ಥಿರವಾಗಿಯೂ ಇರುತ್ತದೆ. ಆದರೆ 36 ಹಾಳೆಗಳನ್ನು ಎಲ್ಲದರೊಂದಿಗೆ ಎಲ್ಲವನ್ನೂ ಹೋಲಿಸಿದರೆ 630 ಜೋಡಿಗಳಾಗುತ್ತವೆ. ಹಾಗಾಗಿ ಮೊದಲು ಮೇಲು, ನಡು, ಕೆಳಗು ಎಂದು ಮೂರು ಕಟ್ಟು ಮಾಡಿದೆವು. ಒಬ್ಬರಾದರೂ ಮೇಲಿನ ಕಟ್ಟಿಗೆ ಹಾಕಿದ ಹಾಳೆಯನ್ನು ಉಳಿಸಿಕೊಂಡಾಗ ಒಂಬತ್ತು ಹಾಳೆಗಳು ಉಳಿದವು. ಒಂಬತ್ತಕ್ಕೆ 36 ಜೋಡಿಗಳು, ಅಷ್ಟನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು.

ಹೋಲಿಸುವಾಗ ಹಾಳೆಗಳನ್ನು ತಲೆಕೆಳಗಾಗಿ ಇಟ್ಟೆವು. ಇದನ್ನು ನಾನು ಕೈಬಿಡುವುದಿಲ್ಲ. ತಲೆಕೆಳಗಾದ ಹಾಳೆಯಲ್ಲಿ ಪದಗಳ ಅರ್ಥ ಕಣ್ಣಿಗೆ ಅಡ್ಡ ಬರುವುದಿಲ್ಲ. ಅಕ್ಷರಗಳ ಗಾತ್ರ ಸಮನಾಗಿದೆಯೇ, ಪದಗಳ ನಡುವಿನ ತೆರಪು ಒಂದೇ ಆಗಿದೆಯೇ, ತಲೆಕಟ್ಟುಗಳು ಒಂದೇ ಎತ್ತರದಲ್ಲಿ ಸಾಗಿವೆಯೇ, ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಗುಲಿವೆಯೇ ಎಂಬುದಷ್ಟೇ ಕಾಣುತ್ತದೆ. ಕನ್ನಡದಲ್ಲಿ ಈ ಕೊನೆಯ ದೋಷ ಬಹಳ. ಸಾಲಿನ ಮೇಲೆ ಗುಡಿಸು, ಕೆಳಗೆ ಒತ್ತು ಎರಡಕ್ಕೂ ಜಾಗ ಬೇಕಾದ್ದರಿಂದ ಗೆರೆಗಳ ನಡುವಿನ ಜಾಗವನ್ನು ಅಕ್ಷರದ ಒಡಲೇ ತುಂಬಿಕೊಂಡರೆ ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳಿಗೆ ನಿಲ್ಲಲು ನೆಲೆಯಿರುವುದಿಲ್ಲ. ಇನ್ನೊಂದು ಕ್ರಮವೆಂದರೆ ಮೊದಲ ಸಾಲುಗಳನ್ನು ರಟ್ಟಿನಿಂದ ಮುಚ್ಚಿ ಕೊನೆಯ ನಾಲ್ಕು ಸಾಲುಗಳನ್ನು ಮಾತ್ರ ಹೋಲಿಸಿದ್ದು. ಆರಂಭದಲ್ಲಿ ಎಲ್ಲರೂ ಎಚ್ಚರದಿಂದ ಬರೆಯುತ್ತಾರೆ. ಕೈ ದಣಿದ ಮೇಲೆ ಬರುವ ಬರಹ ಅವರ ನಿಜವಾದ ಬರಹ.

ಪ್ರತಿ ಜೋಡಿಗೆ ಮೂವರಲ್ಲಿ ಇಬ್ಬರು ಒಪ್ಪಿದ್ದು ಗೆಲುವು ಎಂದು ಎಣಿಸಿದೆವು. 19ನೆಯ ಸಂಖ್ಯೆಯ ಹಾಳೆ ಎಂಟರಲ್ಲಿ ಏಳು ಜೋಡಿಗಳನ್ನು ಗೆದ್ದಿತು. 7 ಮತ್ತು 23ನೆಯ ಹಾಳೆಗಳು ತಲಾ ಆರು ಗೆದ್ದವು. ಇವುಗಳ ನಡುವೆ ಒಂದು ಸುತ್ತು ಏರ್ಪಟ್ಟಿತ್ತು: 7 ಗೆದ್ದದ್ದು 19ರ ಮೇಲೆ, 19 ಗೆದ್ದದ್ದು 23ರ ಮೇಲೆ, 23 ಗೆದ್ದದ್ದು 7ರ ಮೇಲೆ. ಹೀಗಾದರೆ ತೀರ್ಪು ಹಾಳಾಯಿತೆಂದು ತಿಳಿಯಬೇಕಿಲ್ಲ. ಮೂರೂ ಹತ್ತಿರ ಹತ್ತಿರ ಇವೆ ಎಂದೋ, ಜೋಡಿಯಿಂದ ಜೋಡಿಗೆ ನಾವು ನೋಡುತ್ತಿರುವ ಗುಣ ಬದಲಾಗುತ್ತಿದೆ ಎಂದೋ ಅರ್ಥ. ನಮ್ಮಲ್ಲಿ ಎರಡೂ ಇತ್ತು. 7 ಮತ್ತು 19ನ್ನು ಹೋಲಿಸುವಾಗ ತೆರಪನ್ನು ನೋಡಿದ್ದೆವು, 7 ಮತ್ತು 23ನ್ನು ಹೋಲಿಸುವಾಗ 7ರಲ್ಲಿದ್ದ ಒಂದು ಕಾಟು ಕಣ್ಣಿಗೆ ಬಿದ್ದಿತ್ತು.

ಆಗ ಎರಡನೆಯ ಹಾಳೆಗಳನ್ನು ತೆಗೆದೆವು. ಒಬ್ಬರ ಓದಿನ ಮೇಲೆ ಬಹುಮಾನ ನಿರ್ಧರಿಸುವುದು ಸರಿಯಲ್ಲವೆಂದು ಆ ಒಂಬತ್ತನ್ನು ಮಕ್ಕಳೊಂದಿಗೆ ಬಂದಿದ್ದ ಶಿಕ್ಷಕಿಯಿಂದ ಮತ್ತೊಮ್ಮೆ ಓದಿಸಿದೆವು. ಒಂದೇ ಚೀಟಿ ಎರಡು ಹಾಳೆಗಳಲ್ಲಿ ಬಂದಿದ್ದರಿಂದ ಅವುಗಳಲ್ಲಿ ಒಂದನ್ನು ನಮ್ಮ ಕಚೇರಿಯ ಗುಮಾಸ್ತರು ಓದಿದರು. ಇಬ್ಬರು ಓದುಗರೂ ಒಂದೇ ಪದದಲ್ಲಿ ಎಡವಿದರೆ ಮಾತ್ರ ಬರಹದ ದೋಷವೆಂದು ಎಣಿಸುವುದೆಂದೂ, ಅಂಥ ಪದಗಳು ಒಂದಕ್ಕಿಂತ ಹೆಚ್ಚಿದ್ದರೆ ಆ ಹಾಳೆ ಮೊದಲ ಮೂರರಲ್ಲಿ ಬರುವುದಿಲ್ಲವೆಂದೂ, ಉಳಿದವುಗಳ ಕ್ರಮವನ್ನು ಅಂದದಿಂದ ನಿರ್ಧರಿಸುವುದೆಂದೂ ಸ್ಪರ್ಧೆಗೆ ಮೊದಲೇ ಬರೆದಿಟ್ಟುಕೊಂಡಿದ್ದೆವು. ಎರಡು ಅಂಕಗಳನ್ನು ಕೂಡಿಸಿದರೆ ಓದಲಾಗದ ಬರಹವೂ ಅಂದದ ಬಲದಿಂದ ಮೇಲೇರುತ್ತದೆ. ಹಿಂದೆ ನನ್ನಿಂದ ಆದ ತಪ್ಪು ಅದೇ.

19ರ ಹಾಳೆಯಲ್ಲಿ ವಿದ್ಯಾರ್ಥಿ ನಾಲ್ಕು ಪದಗಳಲ್ಲಿ, ಶಿಕ್ಷಕಿ ಮೂರರಲ್ಲಿ ಎಡವಿದ್ದರು. ಮೂರೂ ಇಬ್ಬರಿಗೂ ಸಾಮಾನ್ಯವಾದವು: ಮಾವು ‘ಮಾಮ’ ಆಗಿತ್ತು, ಧನ ‘ದನ’ ಆಗಿತ್ತು, ರಥವನ್ನು ಇಬ್ಬರೂ ‘ರಧ’ ಎಂದು ಓದಿ ನಿಂತಿದ್ದರು. 7 ಮತ್ತು 23ರಲ್ಲಿ ಅಂಥ ಪದ ಒಂದೂ ಇರಲಿಲ್ಲ. ಅವೆರಡೂ ಸಮ ಗೆಲುವು ಪಡೆದಿದ್ದರಿಂದ ಶಿಕ್ಷಕಿಯ ಓದಿನ ಸಮಯವನ್ನು ನೋಡಿದೆವು. 7ಕ್ಕೆ 17 ಸೆಕೆಂಡು, 23ಕ್ಕೆ 24 ಸೆಕೆಂಡು. ಒಂದೆರಡು ಸೆಕೆಂಡಿನ ಅಂತರವಾಗಿದ್ದರೆ ಚೀಟಿಗಳು ಬೇರೆಯಾದ್ದರಿಂದ ನಾನು ನಂಬುತ್ತಿರಲಿಲ್ಲ, ಜಂಟಿ ಬಹುಮಾನ ಕೊಡುತ್ತಿದ್ದೆ. ಇಲ್ಲಿ ಅಂತರ ಏಳು ಸೆಕೆಂಡು. 23ರಲ್ಲಿ ಎರಡು ಕಡೆ ಓದು ನಿಂತು ಮುಂದುವರಿದಿತ್ತು ಎಂಬ ಟಿಪ್ಪಣಿಯೂ ಇತ್ತು. 7ಕ್ಕೆ ಮೊದಲನೆಯ, 23ಕ್ಕೆ ಎರಡನೆಯ ಸ್ಥಾನ ಕೊಟ್ಟೆವು.

19ರ ಬರಹ ಹತ್ತನೆಯ ತರಗತಿಯ ಹುಡುಗಿಯದು. ನಾನು ಅವಳನ್ನು ಕರೆದು ಎರಡೂ ಹಾಳೆಗಳನ್ನು ಮುಂದಿಟ್ಟೆ. “ಅಂದದಲ್ಲಿ ನಿನ್ನದೇ ಮೊದಲು ಕಣಮ್ಮ. ಇದನ್ನೊಮ್ಮೆ ಓದು,” ಎಂದು ಅವಳ ಹಾಳೆಯಲ್ಲಿ ಆ ಒಂದು ಪದವನ್ನು ಬಿಟ್ಟು ಉಳಿದದ್ದನ್ನು ಮುಚ್ಚಿದೆ. ಅವಳು ಸ್ವಲ್ಪ ಹೊತ್ತು ನೋಡಿ, “ಮಾಮ ಅಂತಿದೆ ಸರ್, ಆದರೆ ನಾನು ಮಾವು ಅಂತ ಬರೆದದ್ದು,” ಎಂದಳು. ಅಕ್ಷರಗಳೆಲ್ಲ ಒಂದೇ ಗಾತ್ರದಲ್ಲಿ ಇರಲಿ ಎಂದು ಅವಳು ಕೊಂಬನ್ನು ಕುಗ್ಗಿಸಿ ಅಕ್ಷರಕ್ಕೆ ಅಂಟಿಸಿದ್ದಳು. ಅದೇ ಕಾರಣಕ್ಕೆ ಧ ಅಕ್ಷರದ ಕೆಳಗಿನ ಸೀಳು ಶಾಯಿಯಲ್ಲಿ ಮುಚ್ಚಿಹೋಗಿತ್ತು, ಥ ಅಕ್ಷರದ ಚುಕ್ಕೆ ಒಡಲಿನ ಗೆರೆಗೆ ಸೇರಿತ್ತು. ಅಂದಕ್ಕೆಂದು ಅವಳು ಮಾಡಿಕೊಂಡ ಅಭ್ಯಾಸವೇ ಮೂರೂ ತಪ್ಪುಗಳ ಮೂಲವಾಗಿತ್ತು. ಕೊಂಬನ್ನು ಅಕ್ಷರದಿಂದ ಬಿಡಿಸಿ ಕೆಳಕ್ಕಿಳಿಸಿ ಬರೆಯುವಂತೆ ಹೇಳಿ, ಅದೇ ಹಾಳೆಯ ಕೆಳಗೆ ಮಾವು, ನಾವು, ಹಾವು ಎಂದು ಹತ್ತು ಸಲ ಬರೆಸಿದೆ. ಐದನೆಯ ಸಲಕ್ಕೆ ಕೊಂಬು ಬೇರೆಯಾಯಿತು, ಸಾಲು ಮಾತ್ರ ಮೊದಲಿನಂತೆಯೇ ನೆಟ್ಟಗಿತ್ತು.