ಬಲೆಯ ಗುಂಡು, ಚುಕ್ಕೆ ಬಿದ್ದ ರಕ್ತಕಣ

ಕಾರವಾರದಲ್ಲಿ ನನ್ನದೊಂದು ಚಿಕ್ಕ ಲ್ಯಾಬ್. ಬೈತಖೋಲ ಕಡೆಯ ಮೀನುಗಾರರೊಬ್ಬರು ಎರಡು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗುತ್ತಿದ್ದರು. ಹಿಮೋಗ್ಲೋಬಿನ್ ಮಾತ್ರ 8.6ರಿಂದ ಅಲ್ಲಾಡಿರಲಿಲ್ಲ. ಆಗಾಗ ಹೊಟ್ಟೆ ಹಿಂಡಿದಂತೆ ನೋವು, ಜೊತೆಗೆ ಮಲಬದ್ಧತೆ. ಕೆಂಪು ಕಣ ಚಿಕ್ಕದಿದ್ದರೂ ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಸರಿಯಾಗಿತ್ತು. ಅಂದ್ರೆ ಮೈಯಲ್ಲಿ ಕಬ್ಬಿಣ ಇದೆ, ಬಳಕೆಯಾಗುತ್ತಿಲ್ಲ.

ಮಷಿನ್ ಕಣ ಎಣಿಸುತ್ತದೆ, ಚುಕ್ಕೆ ತೋರಿಸುವುದಿಲ್ಲ. ಹಾಗಾಗಿ ಹೊಸದಾಗಿ ರಕ್ತ ತೆಗೆದು, ಸ್ಲೈಡ್ ಎಳೆದು, ಲೀಶ್‌ಮನ್ ಬಣ್ಣ ಹಾಕಿದೆ. ಎಣ್ಣೆ ಹನಿಸಿ 100ರ ಲೆನ್ಸ್‌ನಲ್ಲಿ ನೋಡಿದರೆ, ಬಿಳಚಿದ ಕೆಲವು ಕಣಗಳೊಳಗೆ ನೀಲಿ ರವೆ ಚೆಲ್ಲಿದ ಹಾಗಿತ್ತು. ಬಣ್ಣದ ಕಸ ಇರಬಹುದೇ ಅಂತ ಮೊದಲು ಅನುಮಾನ ಬಂತು. ಕಸವಾದರೆ ಕಣದ ಹೊರಗೂ ಬಿದ್ದಿರುತ್ತದೆ, ಫೋಕಸ್ ತಿರುಗಿಸಿದಾಗ ಕಣದ ಮೇಲೆ ಕೂತದ್ದು ಗೊತ್ತಾಗುತ್ತದೆ. ಇವು ಕಣದ ಒಳಗೇ ಇದ್ದವು. ಇಂಥ ಚುಕ್ಕೆ ಕಂಡರೆ ಸೀಸದ ವಿಷದ ಅನುಮಾನ ಬರುತ್ತದೆ.

"ಅಣ್ಣಾ, ಸೀಸದ ಕೆಲಸ ಏನಾದರೂ ಮಾಡ್ತೀರಾ?" ಅಂತ ಕೇಳಿದೆ.

"ಹೌದು ಸರ್, ಬಲೆಗೆ ಗುಂಡು ಬೇಕಲ್ವಾ? ಹಳೇ ಬ್ಯಾಟರಿ ಒಡೆದು ಮನೆಯಲ್ಲೇ ಕರಗಿಸಿ ಎರಕ ಹೊಯ್ಯುತ್ತೇನೆ."

ಮಳೆಗಾಲದಲ್ಲಿ ಅದೂ ಅಡುಗೆಮನೆ ಪಕ್ಕದ ಕೋಣೆಯಲ್ಲಿ!

ಹಿಮೋಗ್ಲೋಬಿನ್‌ನೊಳಗಿನ ಹೀಮ್ ಅಂದರೆ ಒಂದು ಉಂಗುರ, ನಡುವೆ ಕಬ್ಬಿಣ. ಅದನ್ನು ಕಟ್ಟುವ ದಾರಿಯಲ್ಲಿ ಸೀಸ ಎರಡು ಕಡೆ ಅಡ್ಡ ಬರುತ್ತದೆ. ಶುರುವಿನಲ್ಲೇ ಎಎಲ್‌ಎ ಡಿಹೈಡ್ರಟೇಸ್ ಅನ್ನೋ ಕಿಣ್ವ ಇದೆ, ಅದು ಕೆಲಸ ಮಾಡಲು ಸತು ಬೇಕು. ಸತುವಿನ ಜಾಗದಲ್ಲಿ ಸೀಸ ಕೂತುಬಿಡುತ್ತದೆ. ಕೊನೆಗೆ ಉಂಗುರಕ್ಕೆ ಕಬ್ಬಿಣ ಕೂರಿಸುವ ಫೆರೋಕೆಲಟೇಸ್‌ಗೂ ತಡೆ. ಖಾಲಿ ಉಳಿದ ಉಂಗುರಕ್ಕೆ ಕಬ್ಬಿಣದ ಬದಲು ಸತು ಸೇರುತ್ತದೆ. ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದದ್ದು ಇದಕ್ಕೇ.

ಚುಕ್ಕೆಯ ಕಥೆ ಬೇರೆ. ಬೆಳೆಯುತ್ತಿರುವ ಕಣದಲ್ಲಿ ಪ್ರೋಟೀನ್ ತಯಾರಿಸಿ ಮುಗಿಸಿದ ಆರ್‌ಎನ್‌ಎಯನ್ನು ಒಡೆದು ಹಾಕಲು ಇನ್ನೊಂದು ಕಿಣ್ವ ಇದೆ. ಸೀಸ ಅದನ್ನೂ ಕಟ್ಟಿಹಾಕುತ್ತದೆ. ಆಗ ಉಳಿದ ತುಣುಕುಗಳು ಗುಂಪುಗೂಡಿ, ಬಣ್ಣ ಹೀರಿ ನೀಲಿಯಾಗಿ ಕಾಣುತ್ತವೆ.

ಆದರೆ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ತಲಸ್ಸೀಮಿಯಾದಲ್ಲೂ ಚುಕ್ಕೆ ಬರುತ್ತದೆ. ಸೀಸವಿದ್ದೂ ಚುಕ್ಕೆ ಕಾಣದೇ ಇರಬಹುದು. ರಕ್ತದಲ್ಲಿ ಸೀಸ ಅಳೆದರೇನೇ ಖಾತ್ರಿ. ಅವರ ಬೆರಳಲ್ಲಿ ಸೀಸದ ಧೂಳಿರಬಹುದು, ಬೆರಳು ಚುಚ್ಚಿದರೆ ಲೆಕ್ಕ ಸುಳ್ಳಾಗುತ್ತದೆ. ಅದಕ್ಕೆ ತೋಳಿನ ರಕ್ತನಾಳದಿಂದ ರಕ್ತ ತೆಗೆದು ಹೊರಗಿನ ಲ್ಯಾಬ್‌ಗೆ ಕಳಿಸಿದೆ. ಡೆಸಿಲೀಟರಿಗೆ 72 ಮೈಕ್ರೋಗ್ರಾಂ ಬಂತು.

ಡಾಕ್ಟರು ಮೊದಲು ಎರಕ ನಿಲ್ಲಿಸಿದರು, ಆಮೇಲೆ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿ ಕೊಟ್ಟರು. ಕೆಂಪು ಕಣದ ಆಯಸ್ಸು ಸುಮಾರು 120 ದಿನ, ಹಳೆಯವು ಹೋಗಿ ಹೊಸವು ಬರಬೇಕು. ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ 12ರ ಹತ್ತಿರ ಬಂತು. ಸ್ಲೈಡಿನಲ್ಲಿ ಚುಕ್ಕೆಗಳನ್ನು ಹುಡುಕಬೇಕಾಯಿತು.

ಆ ಕೋಣೆಯಲ್ಲೇ ಮಲಗುತ್ತಿದ್ದ ಐದು ವರ್ಷದ ಮಗನನ್ನೂ ಕರೆಸಿದ್ದೆವು. ಅವನ ಸ್ಲೈಡಿನಲ್ಲಿ ಒಂದೂ ಚುಕ್ಕೆ ಇರಲಿಲ್ಲ, ಸೀಸ ಮಾತ್ರ ಜಾಸ್ತಿಯೇ ಇತ್ತು.