ನಾಳೆ ನಿಮಗೆ ರಜೆ, ನಿಮ್ಮ ಗಣಿತದ ಪೀರಿಯಡ್ ಇತಿಹಾಸದ ಮೇಷ್ಟ್ರಿಗೆ

ರಜೆಗೆ ಹೋಗುವಾಗ ನಾನೊಮ್ಮೆ ಬರೆದಿಟ್ಟ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: 'ಆರನೇ ತರಗತಿ, ಭಿನ್ನರಾಶಿ ಅಭ್ಯಾಸ ಮುಂದುವರಿಸಿ.' ನನ್ನ ಬದಲಿಗೆ ಹೋದವರು ಇತಿಹಾಸದ ಮೇಷ್ಟ್ರು. 'ಅದು ಆಗೋಗಿದೆ ಸಾರ್' ಎಂದು ಮಕ್ಕಳು ಒಕ್ಕೊರಲಿನಲ್ಲಿ ಹೇಳಿದರೆ ಅವರು ನಂಬದೆ ಇನ್ನೇನು ಮಾಡಿಯಾರು? ಎಲ್ಲಿಗೆ ನಿಂತಿತ್ತು, ಯಾವ ಉತ್ತರ ಸರಿ ಎಂಬುದೆಲ್ಲ ನನ್ನ ತಲೆಯಲ್ಲಿತ್ತು, ಚೀಟಿಯಲ್ಲಿ ಇರಲಿಲ್ಲ. ಆಮೇಲೆ ನಾನು ಚೀಟಿ ಬರೆಯುವ ರೀತಿಯನ್ನೇ ಬದಲಿಸಿಕೊಂಡೆ.

ಮೊದಲು ಮಾಡಬೇಕಾದದ್ದು ಪಾಠದ ಆಯ್ಕೆ. ಹೊಸ ಪಾಠವನ್ನು ಬದಲಿ ಶಿಕ್ಷಕರ ಕೈಗೆ ಕೊಡಬೇಡಿ. ಅವರು ಹೇಳಿಕೊಟ್ಟದ್ದನ್ನು ನೀವು ಮತ್ತೆ ಬಿಡಿಸಿ ಕಟ್ಟಬೇಕಾದೀತು. ಮಕ್ಕಳು ಮುಕ್ಕಾಲು ಪಾಲು ಕಲಿತು, ಇನ್ನೂ ಎಡವುತ್ತಿರುವ ಜಾಗವನ್ನೇ ಆರಿಸಿ. ನಾನು ಆರಿಸಿದ್ದು, ಛೇದ ಬೇರೆ ಬೇರೆ ಇರುವ ಭಿನ್ನರಾಶಿಗಳನ್ನು ಕೂಡುವುದು.

ನಂತರ 40 ನಿಮಿಷವನ್ನು ಹಂಚಿ: ಹಾಜರಿಗೆ 5, ಬೋರ್ಡಿಗೆ 10, ಮಕ್ಕಳ ಲೆಕ್ಕಕ್ಕೆ 20, ಪುಸ್ತಕ ಒಟ್ಟು ಮಾಡಲು 5. ಹಾಜರಿ ಪುಸ್ತಕ ಎಲ್ಲಿದೆ, ಕ್ಲಾಸ್ ಲೀಡರ್ ಯಾರು ಎಂಬುದನ್ನು ಒಂದು ಸಾಲಿನಲ್ಲಿ ಬರೆದರೆ ಸಾಕು. ಕಷ್ಟವಿರುವುದು ಬೋರ್ಡಿನ 10 ನಿಮಿಷದಲ್ಲಿ. 'ಲ.ಸಾ.ಅ. ವಿಧಾನ ನೆನಪಿಸಿ' ಎಂದು ಬರೆದರೆ ಇತಿಹಾಸದ ಮೇಷ್ಟ್ರಿಗೆ ಅದೇ ಇನ್ನೊಂದು ಪ್ರಶ್ನೆಯಾಗುತ್ತದೆ. ಕೈ ಏನು ಮಾಡಬೇಕು, ಬಾಯಿ ಏನು ಹೇಳಬೇಕು, ಅಷ್ಟನ್ನೂ ಬರೆಯಿರಿ. ನನ್ನ ಚೀಟಿಯ ಆ ಭಾಗ ಹೀಗಿತ್ತು:

'ಬೋರ್ಡಿನ ಮೇಲೆ 1/2 + 1/3 ಬರೆಯಿರಿ. ಅದರ ಕೆಳಗೆ ಉದ್ದನೆಯ ಪಟ್ಟಿ ಎಳೆದು 6 ಸಮ ಮನೆ ಮಾಡಿ. ಪಟ್ಟಿಯ ಅರ್ಧ ಅಂದರೆ ಎಷ್ಟು ಮನೆ ಎಂದು ಕೇಳಿ (3). ಮೂರನೇ ಒಂದು ಪಾಲು ಎಷ್ಟು ಮನೆ ಎಂದು ಕೇಳಿ (2). ಎರಡನ್ನೂ ಬಣ್ಣದ ಸೀಮೆಸುಣ್ಣದಿಂದ ತುಂಬಿ. ತುಂಬಿದ್ದು 6ರಲ್ಲಿ 5 ಮನೆ, ಹಾಗಾಗಿ ಉತ್ತರ 5/6.

ಯಾರಾದರೂ 2/5 ಎಂದು ಹೇಳಿಯೇ ಹೇಳುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿರುತ್ತಾರೆ. ತಪ್ಪು ಎನ್ನುವ ಮೊದಲು ಒಂದು ಪ್ರಶ್ನೆ ಕೇಳಿ: 2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆ?'

ಈ ಎರಡನೇ ಭಾಗ ಬರೆಯಲು ಹಿಡಿಯುವುದು ಎರಡೇ ನಿಮಿಷ. ಆದರೆ ಹೆಚ್ಚಿನ ಚೀಟಿಗಳಲ್ಲಿ ಇಲ್ಲದಿರುವುದೂ ಇದೇ. ಸರಿ ಉತ್ತರ ಪುಸ್ತಕದ ಹಿಂದೆ ಸಿಗುತ್ತದೆ. ಮಗು ಎಲ್ಲಿ ಜಾರುತ್ತದೆ ಎಂಬುದು ನಿಮ್ಮೊಬ್ಬರಿಗೇ ಗೊತ್ತು.

ಮಕ್ಕಳಿಗೆ ಕೊಟ್ಟದ್ದು ನಾಲ್ಕೇ ಲೆಕ್ಕ: 1/2 + 1/4, 1/3 + 1/6, 1/4 + 1/6, 2/5 + 1/2. ಉತ್ತರ ಕ್ರಮವಾಗಿ 3/4, 1/2, 5/12, 9/10. ಉತ್ತರವನ್ನು ಇಷ್ಟಕ್ಕೇ ಬರೆದು ಬಿಟ್ಟರೆ ತೊಂದರೆ. ಮೂರನೆಯದರಲ್ಲಿ ಛೇದಗಳನ್ನು ಗುಣಿಸಿದ ಮಗುವಿಗೆ 10/24 ಬರುತ್ತದೆ. ಅದೂ ಸರಿಯೇ, ಸಂಕ್ಷೇಪಿಸಿಲ್ಲ ಅಷ್ಟೆ. ಗಣಿತ ಬಿಟ್ಟು ಇಪ್ಪತ್ತು ವರ್ಷವಾದವರು ಅದಕ್ಕೆ ತಪ್ಪು ಹಾಕಿಬಿಡಬಹುದು. ಸರಿ ಮಾಡಿದ ಮಗುವಿಗೆ ತನ್ನ ಮೇಲೇ ಅನುಮಾನ ಹುಟ್ಟುತ್ತದೆ. ಹಾಗಾಗಿ '10/24 ಬಂದರೂ ಸರಿ, 2/10 ಬಂದರೆ ತಪ್ಪು' ಎಂದು ಪಕ್ಕದಲ್ಲೇ ಬರೆದಿಟ್ಟೆ. ಎರಡನೆಯದಕ್ಕೂ ಹಾಗೆಯೇ: 3/6 ಅಥವಾ 9/18 ಬಂದರೂ ಸರಿ.

ಬೇಗ ಮುಗಿಸುವವರಿಗೆ ಇನ್ನಷ್ಟು ಲೆಕ್ಕ ಕೊಡಿ ಎನ್ನಬೇಡಿ, ಅದು ಶಿಕ್ಷೆಯಂತೆ ಕಾಣುತ್ತದೆ. 'ಉತ್ತರ 7/8 ಬರುವಂತೆ ಛೇದ ಬೇರೆ ಬೇರೆ ಇರುವ ಲೆಕ್ಕವೊಂದನ್ನು ನೀವೇ ಕಟ್ಟಿ' ಎಂದು ಬರೆದಿದ್ದೆ, ಜೊತೆಗೆ ಒಂದು ಮಾದರಿ: 3/4 + 1/8. ಲೆಕ್ಕ ಮುಗಿಯದವರಿಗೆ ಎರಡು ಸಾಕು, ಮನೆಗೆಲಸ ಬೇಡ.

ಚೀಟಿಯನ್ನು ಮೇಜಿನ ಮೇಲೆ ಇಡುವ ಮೊದಲು ಸ್ಟಾಫ್ ರೂಮಿನಲ್ಲಿ ಬೇರೆ ವಿಷಯದವರೊಬ್ಬರ ಕೈಗೆ ಕೊಟ್ಟು ಸುಮ್ಮನೆ ಕುಳಿತುಕೊಳ್ಳಿ. ಅವರು 'ಇದೇನು?' ಎಂದು ಕೇಳಿದ ಜಾಗದಲ್ಲೆಲ್ಲ ಒಂದು ವಾಕ್ಯ ಕಡಿಮೆಯಿದೆ ಎಂದರ್ಥ. ನನ್ನ ಚೀಟಿ ಓದಿದ ಭಾಷಾ ಶಿಕ್ಷಕಿ 'ಪಟ್ಟಿಗೆ ಆರೇ ಮನೆ ಯಾಕೆ?' ಎಂದರು. '2ರಿಂದಲೂ 3ರಿಂದಲೂ ಭಾಗವಾಗುವ ಚಿಕ್ಕ ಸಂಖ್ಯೆ 6' ಎಂಬ ಸಾಲು ಸೇರಿದ್ದು ಹಾಗೆ.

ಕೊನೆಗೆ, ಹಾಳೆಯ ಕೆಳಗೆ ಎರಡು ಖಾಲಿ ಗೆರೆ ಬಿಡಿ: ಎಷ್ಟನೇ ಲೆಕ್ಕದವರೆಗೆ ಬಂದಿರಿ, ಯಾವ ತಪ್ಪು ಉತ್ತರ ಹೆಚ್ಚು ಸಿಕ್ಕಿತು. ನಾನು ವಾಪಸು ಬಂದಾಗ ಅಲ್ಲಿ ಇತಿಹಾಸದ ಮೇಷ್ಟ್ರ ಅಕ್ಷರದಲ್ಲಿ 'ಮೂರರವರೆಗೆ. ಒಂಬತ್ತು ಜನರದ್ದು 2/10' ಎಂದಿತ್ತು. ಅವತ್ತಿನ ಪಾಠವನ್ನು ನಾನು 1/4 + 1/6ರಿಂದಲೇ ಶುರು ಮಾಡಿದೆ.